ಸಾಲಕ್ಕಿಂತ ಮೊದಲು ಬಂದ ಕಂತು

ನನ್ನ ಪರ್ಸಿನಲ್ಲಿ ಎರಡು ವರ್ಷದಿಂದ ಡ್ರೈವಿಂಗ್ ಲೈಸೆನ್ಸ್ ಇತ್ತು. ಗಾಡಿ ಇರಲಿಲ್ಲ. ಪಕ್ಕದ ಮನೆಯವರ ಸ್ಕೂಟಿಯನ್ನು ಶಾಲೆಯ ಮೈದಾನದಲ್ಲಿ ಸುತ್ತಿಸಿ ಸುತ್ತಿಸಿ ಕಲಿತು, ಟೆಸ್ಟ್ ಕೊಟ್ಟು ಪಾಸಾಗಿದ್ದೆ. ಬಸ್ಸಿನಲ್ಲಿ ಕಂಡಕ್ಟರನಿಗೆ ಚಿಲ್ಲರೆ ಹುಡುಕುವಾಗಲೆಲ್ಲ ಆ ಕಾರ್ಡು ಕೈಗೆ ತಗುಲುತ್ತಿತ್ತು. ನನ್ನ ಮುಖದ ಫೋಟೋ ನನ್ನನ್ನೇ ನೋಡಿ ನಗುತ್ತಿದೆ ಅನ್ನಿಸಿ, ಒಮ್ಮೊಮ್ಮೆ ಅದಕ್ಕೆ ಬೈದದ್ದೂ ಉಂಟು.

ಮನೆ ಜಮಖಂಡಿಯಲ್ಲಿ, ನಾನು ಮತ್ತು ಅವ್ವ. ಕೆಲಸ ಬನಹಟ್ಟಿಯ ಒಂದು ಸೀರೆಯ ಹೋಲ್‌ಸೇಲ್ ಅಂಗಡಿಯಲ್ಲಿ, ಬಿಲ್ಲು ಹಾಕುವುದು. ಆರು ವರ್ಷದಿಂದ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಆ ವರ್ಷ ಲಗ್ನದ ಸುಗ್ಗಿಗೆ ಮುಂಚೆ ಸಾವ್ಕಾರರು ಒಂದು ಹೊಸ ನಿಯಮ ತಂದರು: ಬರುವ ತಿಂಗಳಿಂದ ಅಂಗಡಿ ರಾತ್ರಿ ಎಂಟರವರೆಗೆ. ಮುಧೋಳ, ಬೀಳಗಿಯ ಅಂಗಡಿಕಾರರು ಸಂಜೆಯೇ ಬಂದು ಗಂಟು ಕಟ್ಟಿಸುತ್ತಾರೆ, ಬಿಲ್ಲಿನವರು ಇರಲೇಬೇಕು ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎಂಟಕ್ಕೆ ಅಂಗಡಿ ಬಿಟ್ಟರೆ ನನಗೆ ಬಸ್ಸಿನ ಭರವಸೆ ಇಲ್ಲ. ಬಂದರೆ ಬಂತು, ಇಲ್ಲವಾದರೆ ಸ್ಟ್ಯಾಂಡಿನಲ್ಲಿ ಸೊಳ್ಳೆಗಳ ಜೊತೆ ಸಂಸಾರ. ಅವ್ವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. "ಗಾಡಿ ತಗೋ, ಇಲ್ಲಾ ಕೆಲಸ ಬಿಡು. ದಿನಾ ರಾತ್ರಿ ಬಾಗಲದಾಗ ನಿಂತು ನಿನ್ನ ದಾರಿ ಕಾಯೂದು ನನ್ನಿಂದ ಆಗೂದಿಲ್ಲ."

ಕೆಲಸ ಬಿಡುವುದೆಂದರೆ ನನಗೆ ಅಳು ಬರುತ್ತಿತ್ತು. ಆ ಅಂಗಡಿಯೆಂದರೆ ನನಗೆ ಅಷ್ಟು ಇಷ್ಟ. ಹೊಸ ಸೀರೆಯ ಗಂಟು ಬಿಚ್ಚಿದಾಗ ಏಳುವ ಗಂಜಿಯ ವಾಸನೆ, ಹೊರಗಡೆ ಮಗ್ಗಗಳ ಖಟಪಟ, ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಒಬ್ಬರ ಶೇಂಗಾ ಚಟ್ನಿಗೆ ಇನ್ನೊಬ್ಬರು ಕೈ ಹಾಕುವುದು, ಇವನ್ನೆಲ್ಲ ಬಿಟ್ಟು ಮನೆಯಲ್ಲಿ ಕೂತು ನಾನೇನು ಮಾಡಲಿ?

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ನಮ್ಮ ಅಂಗಡಿಗೆ ಸೀರೆ ಕೊಳ್ಳಲು ಬರುತ್ತಿದ್ದ, ರಬಕವಿಯ ಒಬ್ಬ ಬ್ಯಾಂಕ್ ಅಧಿಕಾರಿಯ ಹೆಂಡತಿ, ಅವರಿಗೆ ನಾನು ವೈನಿ ಎನ್ನುತ್ತಿದ್ದೆ, ತಮ್ಮ ಸ್ಕೂಟಿ ಮಾರುವುದಾಗಿ ಹೇಳಿದರು. ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಶನಿವಾರ ಬೆಳಿಗ್ಗೆ ಸಾಮಾನಿನ ಲಾರಿ. ಗಾಡಿ ನವಿಲಿನ ಬಣ್ಣದ್ದು, ಒಂದು ಗೆರೆ ಬಿದ್ದಿಲ್ಲ. ಬೆಲೆ ಮೂವತ್ತೆರಡು ಸಾವಿರ. ಅದರ ಕನ್ನಡಿಯಲ್ಲಿ ಮುಖ ನೋಡಿಕೊಂಡೆ, ನೋಡಿದೊಡನೆಯೇ ಅದು ನನ್ನದೆಂದು ತೀರ್ಮಾನವಾಗಿ ಹೋಯಿತು. ನನ್ನ ಕೈಯಲ್ಲಿ ಇದ್ದದ್ದು ಏಳು ಸಾವಿರ.

"ಶುಕ್ರವಾರ ಸಂಜಿ ಮಟಾ ಇಟ್ಕೊಂಡಿರ್ತೇನಿ," ಎಂದರು ವೈನಿ. "ಆಮ್ಯಾಗ ಮುಧೋಳದಾಂವ ಒಬ್ಬಾಂವ ಅದಾನ. ಶನಿವಾರ ಹೊತ್ತು ಹೊಂಡೂದ್ರಾಗ ರೊಕ್ಕ ತಗೊಂಡು ಬರ್ತೇನಂದಾನ."

ಮರುದಿನವೇ, ಸೋಮವಾರ, ಅರ್ಜಿ ಬರೆದೆ. ನಮ್ಮ ಅಂಗಡಿಯಲ್ಲಿ ಮುಂಗಡಕ್ಕೆ ಒಂದು ಪದ್ಧತಿ ಇತ್ತು. ಪಗಾರ ಹದಿನಾಲ್ಕು ಸಾವಿರ ಇದ್ದವರಿಗೆ ಎರಡು ತಿಂಗಳ ಪಗಾರದಷ್ಟು, ಅಂದರೆ ಇಪ್ಪತ್ತೆಂಟು ಸಾವಿರದವರೆಗೆ, ಬಡ್ಡಿ ಇಲ್ಲದೆ ಸಿಗುತ್ತದೆ. ಅದನ್ನು ತಿಂಗಳ ಪಗಾರದಲ್ಲಿ ಕಂತಿನ ಮೇಲೆ ಹಿಡಿಯುತ್ತಾರೆ. ನಾನು ಹುರುಪಿನಲ್ಲಿ "ಐದು ಕಂತುಗಳಲ್ಲಿ ತೀರಿಸುತ್ತೇನೆ" ಎಂದು ಬರೆದು, ಲೆಕ್ಕ ನೋಡುವ ದಿವಾನಜಿ ಕಾಕಾ ಮುಂದೆ ಇಟ್ಟೆ. ಕಾಕಾ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಐದು ಕಂತು ಅಂದ್ರ ತಿಂಗಳಿಗೆ ಐದು ಸಾವಿರದ ಆರನೂರು ಹೋತು. ಪಿ.ಎಫ್. ಬ್ಯಾರೆ ಹೋಗ್ತೈತಿ. ಪೆಟ್ರೋಲ್ ಯಾರ ಹಾಕ್ಸವರು? ನಿಮ್ಮವ್ವ ಏನ ಗಾಳಿ ತಿಂದಿರ್ತಾಳೇನು?"

"ಲಗೂನ ತೀರಲಿ ಅಂತ ಬರದೇನ್ರಿ ಕಾಕಾ."

"ಲಗೂ ಮಾಡಾಕ ಹೋಗಿ ಮೂರನೇ ತಿಂಗಳ ಬಂದು ಮತ್ತ ಕೈ ಒಡ್ಡತಿ. ಹತ್ತು ಮಾಡು. ಎರಡು ಸಾವಿರದ ಎಂಟನೂರು. ಮಲಗಿದ್ರ ನಿದ್ದಿ ಬರಬೇಕು ನೋಡು, ಅಂಥಾ ಕಂತು."

ಅವರು ಹೇಳಿದಂತೆ ಹೊಸದಾಗಿ ಬರೆದೆ: ಮುಂದಿನ ತಿಂಗಳ ಪಗಾರದಿಂದ ಹತ್ತು ಸಮ ಕಂತುಗಳಲ್ಲಿ ಕಡಿತ ಮಾಡಿಕೊಳ್ಳಲು ನನ್ನ ಒಪ್ಪಿಗೆ ಇದೆ, ನಡುವೆ ಕೆಲಸ ಬಿಟ್ಟರೆ ಉಳಿದ ಬಾಕಿಯನ್ನು ನನ್ನ ಕೊನೆಯ ಲೆಕ್ಕದಲ್ಲಿ ಹಿಡಿದುಕೊಳ್ಳಬಹುದು. ಸಹಿ ಹಾಕಿದೆ. ಆದರೆ ಮಂಜೂರಿ ಕೊಡುವ ಸಾವ್ಕಾರರು ನೂಲಿನ ವ್ಯವಹಾರಕ್ಕೆಂದು ಇಚಲಕರಂಜಿಗೆ ಹೋಗಿದ್ದರು. ಬುಧವಾರ ಬರುತ್ತಾರೆ ಎಂದರು, ಬರಲಿಲ್ಲ. ಗುರುವಾರ ಬರುತ್ತಾರೆ ಎಂದರು, ಆಗಲೂ ಬರಲಿಲ್ಲ. ಆ ಮೂರು ದಿನ ನಾನು ಹಾಕಿದ ಬಿಲ್ಲುಗಳಲ್ಲಿ ಯಾರ ಸೀರೆ ಯಾರ ಹೆಸರಿಗೆ ಹೋಯಿತೋ ಆ ಶಿವನಿಗೇ ಗೊತ್ತು. ಕಾಕಾ ಸಂಜೆಗೊಮ್ಮೆ ಕೂತು ಎಲ್ಲ ತಿದ್ದುತ್ತಿದ್ದರು.

ಶುಕ್ರವಾರ ಐದೂವರೆಯ ಹೊತ್ತಿಗೆ ಸಾವ್ಕಾರರ ಕಾರು ಬಾಗಿಲಿಗೆ ಬಂತು. ಅವರು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನಾನು ಅರ್ಜಿ ಹಿಡಿದು ನಿಂತಿದ್ದೆ. ಅವರು ಓದಿದರು, ನಕ್ಕರು, ಸಹಿ ಮಾಡಿದರು. "ಗಾಡಿ ತಗೋಳಾಕ ಅಲ್ಲೇನ ತಂಗಿ? ಛಲೋ ಆತು. ನೀ ಎಂಟಕ್ಕ ಹೋಗಾಕಾದ್ರ ನನಗೂ ಛಲೋ." ಒಂದೇ ನಿಮಿಷದಲ್ಲಿ ಮುಗಿಯಿತು. ನನಗೆ ಅಲ್ಲೇ ಒಂದು ಸುತ್ತು ತಿರುಗಿ ಕುಣಿಯಬೇಕು ಅನ್ನಿಸಿತು. ಫೋನು ತೆಗೆದು ನನ್ನ ಖಾತೆಗೆ ಹಣ ಹಾಕಲು ಅವರು ಬೆರಳು ಇಟ್ಟರು.

"ಏ ತಮ್ಮಾ," ಎಂದು ಒಂದು ದನಿ ಬಂತು. "ಇವತ್ತ ವಾರ ಯಾವುದು?"

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಮಾತು ನಮ್ಮ ಆಯಿಯನ್ನು ನೋಡಿಯೇ ಹುಟ್ಟಿರಬೇಕು. ಆಯಿ ಎಂದರೆ ಸಾವ್ಕಾರರ ತಾಯಿ. ಅಂಗಡಿಯ ಮೇಲೆಯೇ ಅವರ ಮನೆ. ಮಧ್ಯಾಹ್ನದ ಊಟವಾದ ಮೇಲೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೆಳಗಿಳಿದು ಬಂದು, ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತರೆ ರಾತ್ರಿಯೇ ಏಳುವುದು. ಶುಕ್ರವಾರ ನಮ್ಮ ಅಂಗಡಿಯಿಂದ ರೊಕ್ಕ ಹೊರಗೆ ಹೋಗುವುದಿಲ್ಲ. ಲಕ್ಷ್ಮಿಯನ್ನು ಅವಳ ದಿನವೇ ಮನೆಯಿಂದ ಕಳಿಸಬಾರದು ಎಂಬುದು ಆಯಿಯ ಕಾಯ್ದೆ. ನೇಕಾರರ ಮಜೂರಿ, ಹಮಾಲಿ, ಕೊನೆಗೆ ಚಹಾದವನ ಲೆಕ್ಕ ಕೂಡ ಶನಿವಾರಕ್ಕೆ. ಇದು ನನಗೆ ಆರು ವರ್ಷದಿಂದ ಗೊತ್ತು. ಆದರೆ ಬುಧವಾರ ಬರುವ ಸಾವ್ಕಾರರು ಶುಕ್ರವಾರ ಬಂದರೆ ನಾನೇನು ಮಾಡಲಿ?

"ಅವ್ವಾ, ಇದು ಗಲ್ಲಾದಾಗಿನ ರೊಕ್ಕ ಅಲ್ಲ. ಫೋನಿನ್ಯಾಗಿಂದು," ಎಂದರು ಸಾವ್ಕಾರರು. "ನೋಟಿಲ್ಲ, ಚಿಲ್ಲರಿಲ್ಲ. ಬರೇ ಅಂಕಿ ಆ ಕಡೆಯಿಂದ ಈ ಕಡೆ ಹೋಗ್ತೈತಿ. ಇದಕ್ಕ ಲಕ್ಷ್ಮಿ ಅನ್ನಾಕ ಬರೂದಿಲ್ಲ."

ನಾನು ಜೋರಾಗಿ ತಲೆ ಆಡಿಸಿದೆ. ಆಯಿ ಗಲ್ಲಾದ ಮೇಲಿನ ಪುಟ್ಟ ಡಬ್ಬಿಯ ಕಡೆ ಬೆರಳು ತೋರಿಸಿದರು. ಗಿರಾಕಿಗಳು ಫೋನಿನಿಂದ ಹಣ ಹಾಕಿದಾಗ ಇಷ್ಟು ರೂಪಾಯಿ ಬಂತು ಎಂದು ಕೂಗುವ ಡಬ್ಬಿ ಅದು. ಅದು ಕೂಗಿದಾಗಲೆಲ್ಲ ಆಯಿ ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

"ಇದು ಒದರಿದಾಗ ಲಕ್ಷ್ಮಿ ಬಂದ್ಳು ಅಂತ ಕೈ ಮುಗಿ ಅಂದಾಂವ ಯಾರು? ನೀನ. ಬರೂ ಮುಂದ ಲಕ್ಷ್ಮಿ, ಹೋಗೂ ಮುಂದ ಅಂಕಿ? ಅದ್ಯಾವ ನ್ಯಾಯಪ್ಪ?"

ಸಾವ್ಕಾರರು ಫೋನು ಜೇಬಿಗೆ ಇಟ್ಟರು. ಇಡೀ ಬನಹಟ್ಟಿಯ ವ್ಯಾಪಾರಿಗಳನ್ನು ಮಾತಿನಲ್ಲಿ ಕಟ್ಟಿಹಾಕುವ ಮನುಷ್ಯ, ತನ್ನ ಅವ್ವನ ಮುಂದೆ ಸ್ಲೇಟು ಮರೆತ ಶಾಲೆ ಹುಡುಗ. "ನಾಳೆ ಮುಂಜಾನೆ ಎದ್ದ ಕೂಡಲೆ ಹಾಕ್ತೇನಿ, ಆತಲ್ಲ ತಂಗಿ?" ಎಂದರು.

ನಾಳೆಯಾದರೆ ಆಗುವುದಿಲ್ಲ ಎಂದು ನಾನು ಉಸಿರು ಬಿಡದೆ ಹೇಳಿದೆ. ನಾಳೆ ಬೆಳಿಗ್ಗೆ ಮುಧೋಳದವನು ಬರುತ್ತಾನೆ, ಲಾರಿ ಬರುತ್ತದೆ, ವೈನಿ ಹುಬ್ಬಳ್ಳಿಗೆ ಹೋಗುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ನನ್ನ ಮನೆಯಲ್ಲಿಯೇ ಇತ್ತು. ಶನಿವಾರ ಮನೆಗೆ ಕಬ್ಬಿಣ ತರಬಾರದು ಎಂಬುದು ನನ್ನ ಅವ್ವನ ಕಾಯ್ದೆ. ಶನಿವಾರ ಒಂದು ಮೊಳೆ ತಂದರೂ ಅಂಗಳದಲ್ಲಿ ಬಿಸಾಕುವ ಹೆಂಗಸು, ಇಡೀ ಸ್ಕೂಟಿ ತಂದರೆ ನನ್ನನ್ನು ಒಳಗೆ ಬಿಡುತ್ತಾಳೆಯೇ? ಶುಕ್ರವಾರ ಇಲ್ಲಿಂದ ರೊಕ್ಕ ಹೊರಡುವಂತಿಲ್ಲ, ಶನಿವಾರ ಅಲ್ಲಿಗೆ ಗಾಡಿ ಬರುವಂತಿಲ್ಲ. ಇಬ್ಬರು ಮುದುಕಿಯರ ನಡುವೆ ಸಿಕ್ಕಿ ನನ್ನ ನವಿಲು ಮುಧೋಳಕ್ಕೆ ಹಾರುವುದರಲ್ಲಿತ್ತು.

ಆಯಿ ಎಲ್ಲ ಕೇಳಿ, "ನಿಮ್ಮವ್ವ ಹೇಳೂದು ಖರೆ ಐತಿ ಯವ್ವಾ. ಶನಿವಾರ ಕಬ್ಬಿಣ ಬ್ಯಾಡ," ಎಂದರು! ನನಗೆ ಅಳು ಬಂತೋ ನಗು ಬಂತೋ ತಿಳಿಯದೆ ಒಂದು ವಿಚಿತ್ರ ಸದ್ದು ಹೊರಟಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದೊಂದು ಉಪಾಯ ಬೇಕಿತ್ತು. ಹೊರಗೆ ಬಿಸಿಲು ಇಳಿಯುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಮುಗಿಯಿತು, ಆಮೇಲೆ ಆಯಿ ಮೊಸರು ಕೂಡ ಕಡ ಕೊಡುವುದಿಲ್ಲ.

ನನ್ನ ಬುದ್ಧಿಗೆ ಅದು ಹೇಗೆ ಹೊಳೆಯಿತೋ ಇವತ್ತಿಗೂ ಗೊತ್ತಿಲ್ಲ. "ಆಯೀ, ಮೊದಲ ಲಕ್ಷ್ಮಿ ಒಳಗ ಬಂದ್ರ? ನಾ ಈಗ ಒಂದು ಕಂತು ಕಟ್ಟಿಬಿಡ್ತೇನ್ರಿ!" ಎಂದೆ.

"ಯಾವುದರ ಕಂತು?" ಎಂದರು ಕಾಕಾ.

"ಅಡ್ವಾನ್ಸಿಂದು."

"ಅಡ್ವಾನ್ಸ್ ಇನ್ನೂ ಕೊಟ್ಟ ಇಲ್ಲಲ್ಲ!"

"ಕೊಡ್ತೀರಲ್ರಿ, ಅದರದು."

ಕಾಕಾ ಪೆನ್ನು ಕೆಳಗಿಟ್ಟರು. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ! ಮೂವತ್ತು ವರ್ಷ ಲೆಕ್ಕ ಬರದೇನಿ, ತಗೋಳಲಾರದ ಸಾಲಕ್ಕ ಕಂತು ಕಟ್ಟಾಕಿನ್ನ ನೋಡಿಲ್ಲವಾ."

ನಾನು ಅವರು ಮಾತು ಮುಗಿಸುವುದನ್ನು ಕಾಯಲೇ ಇಲ್ಲ. ಗಲ್ಲಾದ ಮೇಲಿನ ಕ್ಯೂಆರ್ ಚೌಕುಳಿಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಒತ್ತಿಯೇ ಬಿಟ್ಟೆ. ಹೆಲ್ಮೆಟ್ಟಿಗೆ, ಪೆಟ್ರೋಲಿಗೆ, ಹೆಸರು ವರ್ಗಾವಣೆಗೆ ಎಂದು ಉಳಿಸಿದ್ದ ಹಣ ಅದು. ಡಬ್ಬಿ ತನ್ನ ಗಡಸು ದನಿಯಲ್ಲಿ ಎರಡು ಸಾವಿರದ ಎಂಟುನೂರು ರೂಪಾಯಿ ಬಂತೆಂದು ಕೂಗಿತು. ಆಯಿಯ ಎರಡೂ ಕೈ ತಾವಾಗಿಯೇ ಮೇಲೆದ್ದು ಕೂಡಿದವು. ಸೀರೆ ಮಡಚುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಈಗ ಇದನ್ನ ಹ್ಯಾಂಗ ಬರೀಲ್ರಿ?" ಎಂದು ಕಾಕಾ ಸಾವ್ಕಾರರನ್ನು ಕೇಳಿದರು. ನಿಜವಾಗಿಯೂ ಅವರಿಗೆ ಸಂಕಟವಾಗಿತ್ತು. "ಈಕಿ ಹೆಸರಿಗೆ ಜಮಾ ಹಿಡೀಬಹುದು. ಆದ್ರ ಈಕಿ ನಮಗ ಒಂದು ಪೈ ಕೊಡೂದು ಇಲ್ಲ. ಹಂಗಾದ್ರ ಈ ಹೊತ್ತಿಗೆ ನೀವ ಈಕಿಗೆ ಕೊಡೂದು ಆಗ್ತೈತಿ."

"ಅಂದ್ರ?" ಎಂದರು ಆಯಿ.

"ಅಂದ್ರ ಸಾವ್ಕಾರ್ರು ಈಕಿಗೆ ಸಾಲಗಾರರು ಆದ್ರು."

ನಾನು ನೆಟ್ಟಗೆ ನಿಂತೆ, ಎದೆ ಒಂದಿಷ್ಟು ಉಬ್ಬಿತು ಅಂತಲೇ ಹೇಳಬೇಕು. ಆರು ವರ್ಷ ಯಾರ ಮುಂದೆ ಕೈಕಟ್ಟಿ ನಿಂತಿದ್ದೆನೋ ಆ ಮನುಷ್ಯ ನನ್ನ ಸಾಲಗಾರ! ಸಾವ್ಕಾರರು ನನ್ನ ಮುಖ ನೋಡಿ ನಗು ತಡೆಯಲಾರದೆ ಗಂಟಲು ಸರಿಮಾಡಿಕೊಂಡರು. ಆದರೆ ಆಯಿ ನಗಲಿಲ್ಲ. ಕುರ್ಚಿಯಿಂದ ಎದ್ದೇ ನಿಂತರು.

"ಏ ತಮ್ಮಾ! ಶುಕ್ರವಾರ ದೀಪ ಹಚ್ಚೂ ಹೊತ್ತಿಗೆ ಕೆಲಸದಾಕಿ ಸಾಲ ಮನಿಮ್ಯಾಗ ಇಟ್ಕೊಂಡು ಕುಂದರತೀ ಏನು? ನಿಮ್ಮಪ್ಪ ಇದ್ದಾಗ ಇಂಥಾದ್ದು ಎಂದೂ ಆಗಿದ್ದಿಲ್ಲ. ತೀರ್ಸು ಮೊದಲ!"

"ಎಷ್ಟು ತೀರಸ್ಲಿ ಅವ್ವಾ? ಆಕಿದು ಬರೇ ಎರಡು ಸಾವಿರದ ಎಂಟನೂರು."

"ಆಕಿ ಏನ್ ಕೇಳ್ಯಾಳ ಅಷ್ಟೂ ಕೊಡು. ಸಾಲ ತೀರಸೂ ಮುಂದ ಕೈ ಹಿಡೀಬಾರದು. ದೀಪಕ್ಕ ಹೊತ್ತಾತು, ಲಗೂ ಮಾಡು!"

ಸಾವ್ಕಾರರು ಫೋನು ತೆಗೆದರು. ನನ್ನ ಫೋನು ಟಿಂಗ್ ಎಂದಿತು. ಇಪ್ಪತ್ತೆಂಟು ಸಾವಿರ. ಆಮೇಲೆ ಕಾಕಾ ಮುಂಗಡವನ್ನು ನನ್ನ ಹೆಸರಿಗೆ ಬರೆದು, ಕಟ್ಟಿದ ಕಂತನ್ನು ಅದರಲ್ಲಿ ಕಳೆದು, ನನ್ನ ಸಹಿ ತೆಗೆದುಕೊಂಡರು. "ಮುಂದಿನ ತಿಂಗಳಿಂದ ಕಡಿತ ಚಾಲು. ಇನ್ನ ಒಂಬತ್ತು," ಎಂದರು. ನಾನು ಕೇಳಿಸಿಕೊಂಡೆನೋ ಇಲ್ಲವೋ. ಓಡಿ ಹೋಗಿ ರಬಕವಿಗೆ ಹೊರಟಿದ್ದ ಆಟೋ ಹತ್ತಿದ್ದೆ.

ವೈನಿಯ ಮನೆ ಮುಟ್ಟಿದಾಗ ಓಣಿಯಲ್ಲೆಲ್ಲ ದೀಪ ಹತ್ತಿದ್ದವು. ಅವರ ಬಾಗಿಲಿನಲ್ಲಿ ಮಾತ್ರ ಕತ್ತಲೆ. ಹೊರಟೇ ಹೋದರೋ ಏನೋ ಎಂದುಕೊಂಡೆ. ನೋಡಿದರೆ ವೈನಿ ಹೊಸ್ತಿಲ ಮೇಲೆ ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದಾರೆ.

"ಎಷ್ಟೊತ್ತು ಮಾಡಿದಿಬೇ! ದೀಪ ಹಚ್ಚಿದಮ್ಯಾಗ ನಾವು ಮನಿಯಿಂದ ಗಾಡಿ ಕೊಡೂದಿಲ್ಲ. ನೀ ಬರ್ತಿ ಅಂತ ದೀಪಾನ ಹಚ್ಚಿಲ್ಲ ನೋಡು."

ನನಗೆ ಅವರನ್ನು ಅಪ್ಪಿಕೊಳ್ಳದೆ ಇರಲು ಆಗಲಿಲ್ಲ. ಹಣ ಕಳಿಸಿದೆ, ಅವರು ಸಹಿ ಮಾಡಿಟ್ಟಿದ್ದ ವರ್ಗಾವಣೆಯ ಫಾರ್ಮು ಮತ್ತು ಆರ್.ಸಿ. ಕೊಟ್ಟರು. ಹೆಲ್ಮೆಟ್ಟಿಗೆ ರೊಕ್ಕ ಉಳಿದಿಲ್ಲ ಎಂದು ಕೇಳಿ, ಗಂಡನ ಹಳೆಯ ಹೆಲ್ಮೆಟ್ಟನ್ನೇ ತಂದು ನನ್ನ ತಲೆಗೆ ಇಟ್ಟರು. ಅದು ಸೀದಾ ಮೂಗಿನವರೆಗೆ ಇಳಿಯಿತು. ಒಳಗೆ ಒಂದು ಟವೆಲ್ ತುರುಕಿ ಸರಿಮಾಡಿದೆವು. ನಾನು ಗಾಡಿಯನ್ನು ಗೇಟಿನಿಂದ ಆಚೆ ತಳ್ಳಿದ ಮೇಲೆಯೇ ಹಿಂದೆ ಕಡ್ಡಿ ಗೀರಿದ ಸದ್ದು ಕೇಳಿತು.

ಜಮಖಂಡಿಯ ದಾರಿಯಲ್ಲಿ ನಾನು ಹಾಡಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ಟವೆಲ್ ತುಂಬಿದ ಹೆಲ್ಮೆಟ್ಟಿನೊಳಗೆ, ಯಾರಿಗೂ ಕೇಳದಂತೆ, ಆದರೆ ಗಟ್ಟಿಯಾಗಿ. ನನ್ನ ದಿನದ ಬಸ್ಸು ಒಂದು ಸ್ಟಾಪಿನಲ್ಲಿ ನಿಂತಿತ್ತು. ಅದನ್ನು ದಾಟಿ ಹೋಗುವಾಗ ಹಾರ್ನ್ ಹೊಡೆದೆ, ಬೇಕಿರಲಿಲ್ಲ, ಆದರೂ ಹೊಡೆದೆ. ಮನೆಯಲ್ಲಿ ಅವ್ವ ನಿಂಬೆಹಣ್ಣು, ಕುಂಕುಮ ಹಿಡಿದು ನಿಂತಿದ್ದಳು. ಗಾಡಿಯನ್ನು ಸುತ್ತ ನೋಡಿ, "ಶುಕ್ರವಾರ ಇದ್ದಂಗ ಬಂದೆಲ್ಲ, ಸಾಕು," ಎಂದಳು. ಅವಳ ಕಣ್ಣು ಮಾತ್ರ ತುಂಬಿದ್ದವು.

ಇದರ ಪರಿಣಾಮ ಅಂಗಡಿಯಲ್ಲಿ ಉಳಿದವರು ಅನುಭವಿಸಿದರು. ಅಂದಿನಿಂದ ಯಾರು ಮುಂಗಡ ಕೇಳಿದರೂ ಶುಕ್ರವಾರವಾದರೆ ಆಯಿ, "ಮೊದಲ ಒಂದು ಕಂತು ಇಡು," ಅನ್ನತೊಡಗಿದರು. ಸೀರೆ ಮಡಚುವ ಹೆಂಗಸರು ನನ್ನನ್ನು ಬೈದು ಬೈದು ದಣಿದರು.

ನಾನು ಎಂಟರವರೆಗೆ ಬಿಲ್ಲು ಹಾಕಿದೆ. ಪ್ರತಿ ತಿಂಗಳು ಪಗಾರದ ಚೀಟಿಯಲ್ಲಿ ಮುಂಗಡ ಕಡಿತ ಎಂಬ ಸಾಲು ಬರುತ್ತಿತ್ತು, ಅದನ್ನು ನೋಡಿ ನಾನು ಒಮ್ಮೆಯೂ ನೊಂದುಕೊಳ್ಳಲಿಲ್ಲ. ಹತ್ತನೆಯ ತಿಂಗಳು ಆ ಸಾಲು ಇರಲಿಲ್ಲ. ನಾನು ಹತ್ತು ಕಡಿತ ಎಂದೇ ಮನಸ್ಸಿನಲ್ಲಿ ಹಿಡಿದಿದ್ದವಳು, ಗಾಬರಿಯಾಗಿ ಕಾಕಾ ಹತ್ತಿರ ಓಡಿದೆ.

"ಕಾಕಾ, ನನ್ನ ಕಂತು ಹಿಡಿಯೂದು ಮರತೀರಿ."

"ಮರತಾಕಿ ನೀ. ಅದನ್ನ ಮೊದಲ ಕೊಟ್ಟಿಯಲ್ಲ. ನಿನ್ನ ಲೆಕ್ಕ ಚುಕ್ತಾ ಆತು," ಎಂದು ಕಾಕಾ ನಕ್ಕರು. ನಗುತ್ತಲೇ ಸೇರಿಸಿದರು, "ಇನ್ನ ಯಾರ ಹಂಗೂ ಇಲ್ಲ. ಅಡ್ವಾನ್ಸ್ ತೀರಿದ್ರ ಮಂದಿ ಬ್ಯಾರೆ ಅಂಗಡಿ ನೋಡ್ತಾರ. ಗಾಡೀನೂ ಐತಿ ನಿನಗ."

ಅವರು ತಮಾಷೆಗೆ ಹೇಳಿದ್ದು. ಆದರೆ ಗಲ್ಲಾದ ಪಕ್ಕದಲ್ಲಿ ಆಯಿಯ ಮುಖ ಸಣ್ಣದಾಯಿತು. "ಹೌದೇನವಾ? ಹೋಗ್ತೀಯೇನು?" ಎಂದರು. ಇವರು ನನ್ನನ್ನು ಇಷ್ಟು ಹಚ್ಚಿಕೊಂಡಿದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಅವತ್ತೂ ಶುಕ್ರವಾರ, ದೀಪ ಹಚ್ಚುವ ಹೊತ್ತು. ನಾನು ಫೋನು ತೆಗೆದು ಗಲ್ಲಾದ ಚೌಕುಳಿಗೆ ಹಿಡಿದೆ. ಡಬ್ಬಿ ಒಂದು ರೂಪಾಯಿ ಬಂತೆಂದು ಕೂಗಿತು. ಆಯಿ ಅಭ್ಯಾಸಬಲದಿಂದ ಕೈ ಮುಗಿದರು.

"ಈಗ ನೀವು ನನಗ ಒಂದು ರೂಪಾಯಿ ಸಾಲಗಾರರು," ಎಂದೆ. "ಅದು ತೀರೂ ಮಟಾ ನಾ ಎಲ್ಲಿಗೆ ಹೋಗ್ಲ್ರಿ ಆಯೀ?"

ಕಾಕಾ ಗಡಿಬಿಡಿಯಿಂದ ಗಲ್ಲಾ ತೆಗೆದು ಒಂದು ರೂಪಾಯಿ ಹುಡುಕತೊಡಗಿದರು. ಶುಕ್ರವಾರ ದೀಪದ ಹೊತ್ತಿಗೆ ಮನೆಯ ಮೇಲೆ ಸಾಲ ಇರಬಾರದು ಎಂಬುದು ಅವರಿಗೆ ಗೊತ್ತಲ್ಲ. ಆಯಿ ಅವರ ಕೈಯ ಮೇಲೆ ಕೈ ಇಟ್ಟು ಗಲ್ಲಾ ಮುಚ್ಚಿದರು.

"ಇರ್ಲಿ ಬಿಡು," ಎಂದರು. "ಇದೊಂದು ಸಾಲ ಇರ್ಲಿ."

ಆಮೇಲೆ ಎದ್ದು ಹೋಗಿ ದೀಪ ಹಚ್ಚಿದರು. ಆ ರೂಪಾಯಿಯನ್ನು ಅವರು ಇನ್ನೂ ತೀರಿಸಿಲ್ಲ.